ಎಣ್ಣೆ ಬದಲಿಸಿದರೆ ಕೊಲೆಸ್ಟ್ರಾಲ್ ಎಷ್ಟು ಇಳಿಯುತ್ತದೆ? ಮೂರು ಬಗೆಯ ಕೊಬ್ಬಿನ ಲೆಕ್ಕವನ್ನು ಮನೆಯಲ್ಲೇ ಮಾಡುವ ಬಗೆ

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಸಾಲಿನ ಎದುರು ದಪ್ಪಕ್ಷರದ ಅಂಕಿ ಕಂಡವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಇನ್ನು ಯಾವ ಎಣ್ಣೆ ತರಲಿ?’ ಕಡಲೆಕಾಯಿ ಎಣ್ಣೆಯೋ, ಸೂರ್ಯಕಾಂತಿಯೋ, ಗಾಣದ ತೆಂಗಿನೆಣ್ಣೆಯೋ, ಆಲಿವ್ ಎಣ್ಣೆಯೋ? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಈಗ ನಿಮ್ಮ ಅಡುಗೆಮನೆಯಲ್ಲಿ ಯಾವ ಕೊಬ್ಬು ಇದೆ, ಅದರ ಜಾಗಕ್ಕೆ ಯಾವುದು ಬರುತ್ತದೆ ಎಂಬ ಎರಡೂ ಗೊತ್ತಾಗದೆ ಉತ್ತರ ಹೇಳಲು ಆಗುವುದಿಲ್ಲ. ಒಂದು ಎಣ್ಣೆ ಒಬ್ಬರ ಮನೆಯಲ್ಲಿ ಕೊಲೆಸ್ಟ್ರಾಲನ್ನು ಇಳಿಸಬಹುದು, ಪಕ್ಕದ ಮನೆಯಲ್ಲಿ ಅದೇ ಎಣ್ಣೆ ಏನೂ ಮಾಡದೆ ಇರಬಹುದು.

ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಬೇಕಾಗುವುದು ಇಷ್ಟು: ಇತ್ತೀಚಿನ ಲಿಪಿಡ್ ಪ್ರೊಫೈಲ್ ವರದಿ, ಕಳೆದ ತಿಂಗಳ ದಿನಸಿ ಚೀಟಿ, ಈಗ ಬಳಸುತ್ತಿರುವ ಎಣ್ಣೆಯ ಪ್ಯಾಕೆಟ್, ಒಂದು ಪೆನ್ನು, ಒಂದು ಹಾಳೆ.

ಹಂತ 1: ವರದಿಯಲ್ಲಿ ಸರಿಯಾದ ಸಾಲು ಹುಡುಕಿ

ಮೇಲಿನ ಸಾಲಿನಲ್ಲಿರುವ ‘ಒಟ್ಟು ಕೊಲೆಸ್ಟ್ರಾಲ್’ ನೋಡಿ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ಅದರೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಎಲ್‌ಡಿಎಲ್ ಎಂದರೆ ಕೊಲೆಸ್ಟ್ರಾಲನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣಗಳು. ಇವು ಹೆಚ್ಚಾದಾಗ ರಕ್ತನಾಳದ ಗೋಡೆಯೊಳಗೆ ಸೇರಿ ಅಲ್ಲೇ ಉಳಿದುಬಿಡುತ್ತವೆ. ಎಚ್‌ಡಿಎಲ್ ಕಣಗಳು ಕೊಲೆಸ್ಟ್ರಾಲನ್ನು ಯಕೃತ್ತಿಗೆ ಮರಳಿ ಒಯ್ಯುತ್ತವೆ. ಟ್ರೈಗ್ಲಿಸರೈಡ್ ಎನ್ನುವುದು ರಕ್ತದಲ್ಲಿ ಓಡಾಡುವ ಕೊಬ್ಬು. ಅನ್ನ, ಸಕ್ಕರೆ, ಮದ್ಯ ಹೆಚ್ಚಾದಾಗ ಇದು ಬೇಗ ಏರುತ್ತದೆ.

ಕೊಬ್ಬಿನ ಬಗೆ ಬದಲಾದಾಗ ಮುಖ್ಯವಾಗಿ ಅಲುಗುವುದು ಎಲ್‌ಡಿಎಲ್. ಆದ್ದರಿಂದ ಆ ಅಂಕಿಯನ್ನೇ ಹಾಳೆಯ ಮೇಲೆ ಬರೆದುಕೊಳ್ಳಿ. ನಮ್ಮ ಅನೇಕ ಪ್ರಯೋಗಾಲಯಗಳು ಇದನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನು ಕಳೆದು ಬರೆಯುತ್ತವೆ. ಒಟ್ಟು 224, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 160 ಇದ್ದರೆ 224ರಿಂದ 42 ಮತ್ತು 32 ಕಳೆಯಬೇಕು, ಎಲ್‌ಡಿಎಲ್ 150. ಟ್ರೈಗ್ಲಿಸರೈಡ್ 400 ದಾಟಿದ್ದರೆ ಈ ಸೂತ್ರ ಕೆಲಸಕ್ಕೆ ಬಾರದು; ನೇರ ಅಳತೆ ಮಾಡಿಸಿ. ಈ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂಗಳು. ಬ್ರಿಟನ್, ಆಸ್ಟ್ರೇಲಿಯಾ ಕಡೆ ಇರುವ ಓದುಗರ ವರದಿಯಲ್ಲಿ ಎಲ್‌ಡಿಎಲ್ ಎದುರು 3.9 ಎಂಬಂಥ ಸಣ್ಣ ಅಂಕಿ ಇರುತ್ತದೆ, ಅದನ್ನು 38.7ರಿಂದ ಗುಣಿಸಿಕೊಳ್ಳಿ.

ಒಂದು ಎಚ್ಚರಿಕೆ. ಎಲ್‌ಡಿಎಲ್ 190 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ, ಎಣ್ಣೆಯ ಲೆಕ್ಕಕ್ಕೆ ಮೊದಲು ವೈದ್ಯರನ್ನು ಕಾಣಿ. ಅದು ವಂಶವಾಹಿಯಿಂದ ಬಂದದ್ದಾಗಿರಬಹುದು. ಅಂಥದ್ದನ್ನು ಅಡುಗೆಮನೆಯ ಬದಲಾವಣೆಯಷ್ಟೇ ಸರಿಪಡಿಸಲಾರದು.

ಹಂತ 2: ಮೂರು ಕೊಬ್ಬುಗಳನ್ನು ಗುರುತಿಸಿ

ಡಿಸೆಂಬರ್ ತಿಂಗಳ ಬೆಳಗ್ಗೆ ತೆಂಗಿನೆಣ್ಣೆಯ ಬಾಟಲಿಯನ್ನು ಗಮನಿಸಿ. ರಾತ್ರಿ ತಿಳಿಯಾಗಿದ್ದ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಪಕ್ಕದಲ್ಲೇ ಇರುವ ಸೂರ್ಯಕಾಂತಿ ಎಣ್ಣೆ ಮಾತ್ರ ನೀರಿನಂತೆ ಹಾಗೆಯೇ ಇರುತ್ತದೆ. ಕೊಬ್ಬಿನ ಅಣು ಎಂದರೆ ಇಂಗಾಲದ ಉದ್ದನೆಯ ಸರಪಳಿ. ಸರಪಳಿಯ ಕೊಂಡಿಗಳೆಲ್ಲ ಹೈಡ್ರೋಜನ್‌ನಿಂದ ತುಂಬಿದ್ದರೆ ಅದು ಸ್ಯಾಚುರೇಟೆಡ್, ಅಂದರೆ ಪರ್ಯಾಪ್ತ ಕೊಬ್ಬು. ಇಂಥ ಸರಪಳಿ ನೇರವಾಗಿರುತ್ತದೆ. ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿಕೊಂಡು ಬೇಗ ಗಟ್ಟಿಯಾಗುತ್ತದೆ. ಒಂದು ಕಡೆ ಜೋಡಿ ಬಂಧವಿದ್ದರೆ ಸರಪಳಿ ಅಲ್ಲಿ ಬಾಗುತ್ತದೆ. ಅದು ಮೊನೊಅನ್‌ಸ್ಯಾಚುರೇಟೆಡ್, ಏಕ ಅಪರ್ಯಾಪ್ತ. ಎರಡು ಅಥವಾ ಹೆಚ್ಚು ಕಡೆ ಬಾಗಿದ್ದರೆ ಪಾಲಿಅನ್‌ಸ್ಯಾಚುರೇಟೆಡ್, ಬಹು ಅಪರ್ಯಾಪ್ತ. ಪ್ಯಾಕೆಟ್‌ಗಳ ಮೇಲೆ ಇವೆರಡನ್ನು ಮುಫಾ, ಪುಫಾ ಎಂದು ಚುಟುಕಾಗಿ ಬರೆದಿರುತ್ತಾರೆ. ಮುಂದೆ ನಾನು ಏಕ, ಬಹು ಎಂದಷ್ಟೇ ಬರೆಯುತ್ತೇನೆ.

ಯಾವ ಎಣ್ಣೆಯಲ್ಲೂ ಒಂದೇ ಬಗೆಯ ಕೊಬ್ಬು ಇರುವುದಿಲ್ಲ, ಮೂರೂ ಬೆರೆತಿರುತ್ತವೆ. 100 ಗ್ರಾಂ ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ 85ರಿಂದ 90 ಗ್ರಾಂ ಪರ್ಯಾಪ್ತ ಕೊಬ್ಬು. ತುಪ್ಪದಲ್ಲಿ 60ರ ಆಸುಪಾಸು. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಪರ್ಯಾಪ್ತ 20ರೊಳಗೆ, ಏಕ ಅರ್ಧದಷ್ಟು, ಬಹು ಮೂರನೇ ಒಂದು ಭಾಗ. ಸೂರ್ಯಕಾಂತಿಯಲ್ಲಿ ಪರ್ಯಾಪ್ತ ಹತ್ತರ ಮೇಲೆ ಒಂದೆರಡು, ಬಹು 65ರ ಸುಮಾರು. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಬಹು ಇನ್ನೂ ಹೆಚ್ಚು, ಮುಕ್ಕಾಲು ಪಾಲು.

ಇಲ್ಲಿ ಎಡವುವವರು ಬಹಳ. ‘ಗಟ್ಟಿಯಾಗದ್ದೆಲ್ಲ ಒಳ್ಳೆಯದು’ ಎಂಬ ತೀರ್ಮಾನಕ್ಕೆ ಬರಬೇಡಿ. ಪಾಮೋಲಿನ್ ಎಂದರೆ ತಾಳೆ ಎಣ್ಣೆಯ ಗಟ್ಟಿ ಭಾಗವನ್ನು ಬೇರ್ಪಡಿಸಿ ಉಳಿಸಿಕೊಂಡ ತಿಳಿ ಭಾಗ. ನಮ್ಮ ಸೆಕೆಗೆ ಅದು ತಿಳಿಯಾಗಿಯೇ ಕಾಣುತ್ತದೆ, ಆದರೂ ಅದರಲ್ಲಿ ಪರ್ಯಾಪ್ತ ಕೊಬ್ಬು ಕಡಲೆಕಾಯಿ ಎಣ್ಣೆಯ ಎರಡು ಪಟ್ಟಿಗೂ ಹೆಚ್ಚು.

ಹಂತ 3: ಯಕೃತ್ತಿನಲ್ಲಿ ಏನಾಗುತ್ತದೆ ಎಂದು ತಿಳಿಯಿರಿ

ತಿಂದ ಕೊಬ್ಬು ನೇರವಾಗಿ ಹೋಗಿ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ ಎಂಬ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಇರುತ್ತವೆ. ಅವುಗಳನ್ನು ಬಾಗಿಲುಗಳೆಂದುಕೊಳ್ಳಿ. ಈ ಬಾಗಿಲುಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ತೆರೆದ ಬಾಗಿಲುಗಳ ಸಂಖ್ಯೆ ಇಳಿಯುತ್ತದೆ. ಒಳಗೆ ಹೋಗಬೇಕಾದ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತ ಉಳಿಯುತ್ತದೆ, ವರದಿಯಲ್ಲಿ ಅಂಕಿ ಏರುತ್ತದೆ. ಬಹು ಅಪರ್ಯಾಪ್ತ ಕೊಬ್ಬು ಬಂದಾಗ ಬಾಗಿಲುಗಳು ಹೆಚ್ಚುತ್ತವೆ. ಏಕ ಅಪರ್ಯಾಪ್ತದ್ದು ಮೃದುವಾದ ಪ್ರಭಾವ. ಪರ್ಯಾಪ್ತದ ಜಾಗಕ್ಕೆ ಬಂದರೆ ಎಲ್‌ಡಿಎಲ್ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಆ ಇಳಿತದಲ್ಲಿ ದೊಡ್ಡ ಪಾಲು ಪರ್ಯಾಪ್ತ ಕೊಬ್ಬು ಹೊರಟುಹೋದದ್ದಕ್ಕೇ ಸಲ್ಲುತ್ತದೆ.

ಪರ್ಯಾಪ್ತ ಕೊಬ್ಬುಗಳೆಲ್ಲ ಒಂದೇ ಎಂದೂ ಅಲ್ಲ. ತೆಂಗಿನೆಣ್ಣೆಯ ಲಾರಿಕ್ ಆಮ್ಲ, ಹಾಲಿನ ಕೊಬ್ಬಿನ ಮಿರಿಸ್ಟಿಕ್, ತಾಳೆಯ ಪಾಮಿಟಿಕ್ ಆಮ್ಲ ಎಲ್‌ಡಿಎಲ್ ಏರಿಸುತ್ತವೆ. ಕೋಕೋ ಬೆಣ್ಣೆಯಲ್ಲಿ ಹೆಚ್ಚಾಗಿರುವ ಸ್ಟಿಯರಿಕ್ ಆಮ್ಲ ಬಹುಮಟ್ಟಿಗೆ ಏರಿಸುವುದಿಲ್ಲ.

ಹಂತ 4: ನಿಮ್ಮ ಮನೆಯ ಪರ್ಯಾಪ್ತ ಕೊಬ್ಬನ್ನು ಗ್ರಾಂಗಳಲ್ಲಿ ಬರೆಯಿರಿ

ಕರಾವಳಿಯ ನಾಲ್ಕು ಜನರ ಒಂದು ಮನೆ ಎಂದುಕೊಳ್ಳೋಣ. ಅಡುಗೆಗೆಲ್ಲ ತೆಂಗಿನೆಣ್ಣೆ, ತಿಂಗಳಿಗೆ ಎರಡು ಲೀಟರ್. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಎರಡು ಲೀಟರನ್ನು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 15 ಗ್ರಾಂ. ಅದರಲ್ಲಿ 13 ಗ್ರಾಂ ಪರ್ಯಾಪ್ತ ಕೊಬ್ಬು.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಎಲ್ಲರೂ ಬಾಟಲಿಯನ್ನೇ ನೋಡುತ್ತಾರೆ. ರುಬ್ಬುವ ಕಲ್ಲಿನಲ್ಲಿ ಹೋಗುವುದನ್ನು ಮರೆಯುತ್ತಾರೆ. ಹಸಿ ತೆಂಗಿನತುರಿಯ ಮೂರನೇ ಒಂದು ಭಾಗ ಕೊಬ್ಬು, ಅದರ ಬಹುಪಾಲು ಪರ್ಯಾಪ್ತ. ಸಾಂಬಾರು, ಪಲ್ಯ, ಚಟ್ನಿ ಎಲ್ಲ ಸೇರಿ ಒಬ್ಬರ ಪಾಲಿಗೆ 25 ಗ್ರಾಂ ತುರಿ ಬಂದರೆ ಅದೇ 7 ಗ್ರಾಂ ಪರ್ಯಾಪ್ತ ಕೊಬ್ಬು. ಒಂದು ಟೀ ಚಮಚ ತುಪ್ಪ 3 ಗ್ರಾಂ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಫುಲ್ ಕ್ರೀಮ್ ಹಾಲಿನಲ್ಲಿ 6; ಅದರಲ್ಲಿ ಮೂರನೇ ಎರಡು ಭಾಗ ಪರ್ಯಾಪ್ತವೆಂದು ಹಿಡಿಯಿರಿ. ಕಾಫಿ, ಮೊಸರು ಸೇರಿ ದಿನಕ್ಕೆ ಕಾಲು ಲೀಟರ್ ಟೋನ್ಡ್ ಹಾಲಾದರೆ 5 ಗ್ರಾಂ.

ಈ ಮನೆಯಲ್ಲಿ ಒಬ್ಬರ ಮೊತ್ತ 13, 7, 3, 5 ಸೇರಿ 28 ಗ್ರಾಂ. ಬೇಕರಿ ತಿಂಡಿ ಇನ್ನೂ ಸೇರಿಲ್ಲ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಅಂದರೆ ಒಟ್ಟು ಕ್ಯಾಲೊರಿಯ ಶೇ 10, ಸುಮಾರು 22 ಗ್ರಾಂ ಆಗುತ್ತದೆ.

ಹಂತ 5: ಜಾಗಕ್ಕೆ ಏನು ಬರುತ್ತದೆ ಎಂದು ನೋಡಿ ಇಳಿತವನ್ನು ಅಂದಾಜು ಮಾಡಿ

ಇಡೀ ಲೇಖನದ ತಿರುಳು ಈ ಹಂತದಲ್ಲಿದೆ, ನಿಧಾನವಾಗಿ ಓದಿ. ಜನರಿಗೆ ಅಳೆದ ಆಹಾರ ಕೊಟ್ಟು ನಡೆಸಿದ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ, ನೆದರ್‌ಲೆಂಡ್ಸ್‌ನ ವಿಜ್ಞಾನಿ ರೊನಾಲ್ಡ್ ಮೆನ್ಸಿಂಕ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 2016ರಲ್ಲಿ ಒಂದು ಲೆಕ್ಕ ಕೊಟ್ಟರು. ಅದನ್ನು 2000 ಕ್ಯಾಲೊರಿಯ ಊಟಕ್ಕೆ ಹೊಂದಿಸಿ ಹೇಳುತ್ತೇನೆ. ದಿನಕ್ಕೆ 2.2 ಗ್ರಾಂ ಪರ್ಯಾಪ್ತ ಕೊಬ್ಬು ತೆಗೆದು, ಅದರ ಕ್ಯಾಲೊರಿಯನ್ನು ಬಹು ಅಪರ್ಯಾಪ್ತ ಕೊಬ್ಬಿನಿಂದ ತುಂಬಿದರೆ ಎಲ್‌ಡಿಎಲ್ ಸುಮಾರು 2.1 ಇಳಿಯುತ್ತದೆ. ಏಕ ಅಪರ್ಯಾಪ್ತದಿಂದ ತುಂಬಿದರೆ 1.6. ಅನ್ನ, ಹಿಟ್ಟು, ಸಕ್ಕರೆಯಂಥ ಪಿಷ್ಟದಿಂದ ತುಂಬಿದರೆ 1.3.

ನಮ್ಮ ಕರಾವಳಿಯ ಮನೆಗೆ ಇದನ್ನು ಹಾಕಿ ನೋಡೋಣ.

ಅದೇ 15 ಗ್ರಾಂ ಎಣ್ಣೆ, ತೆಂಗಿನ ಬದಲು ಕಡಲೆಕಾಯಿ. ಪರ್ಯಾಪ್ತ 13ರಿಂದ 3 ಗ್ರಾಂಗೆ ಇಳಿಯುತ್ತದೆ. ಏಕ 6 ಗ್ರಾಂ ಹೆಚ್ಚುತ್ತದೆ, ಬಹು ನಾಲ್ಕೂವರೆ ಗ್ರಾಂ ಹೆಚ್ಚುತ್ತದೆ. ಆರನ್ನು 2.2ರಿಂದ ಭಾಗಿಸಿ 1.6ರಿಂದ ಗುಣಿಸಿದರೆ 4.4. ನಾಲ್ಕೂವರೆಯನ್ನು 2.2ರಿಂದ ಭಾಗಿಸಿ 2.1ರಿಂದ ಗುಣಿಸಿದರೆ 4.3. ಒಟ್ಟು ಇಳಿತ ಸುಮಾರು 9.

ಸೂರ್ಯಕಾಂತಿ ತಂದರೆ? ಬಹು ಹತ್ತು ಗ್ರಾಂ ಹತ್ತಿರ ಹೆಚ್ಚುತ್ತದೆ, ಏಕ ಎರಡೂವರೆ. ಅದೇ ಬಗೆಯ ಲೆಕ್ಕಕ್ಕೆ ಇಳಿತ ಸುಮಾರು 11.

ಒಂಬತ್ತು ಮತ್ತು ಹನ್ನೊಂದು. ಕಡಲೆಕಾಯಿಯೋ ಸೂರ್ಯಕಾಂತಿಯೋ ಎಂದು ಮನೆಮಂದಿ ವಾದಿಸುವುದು ಈ ಎರಡು ಅಂಕಿಯ ವ್ಯತ್ಯಾಸಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಮನೆಯವರ ನಾಲಿಗೆಗೆ ಒಗ್ಗುವ, ವರ್ಷವಿಡೀ ಕೊಳ್ಳಲು ಕೈಗೆಟಕುವ ಎಣ್ಣೆಯನ್ನು ಆರಿಸಿ. ತೆಂಗಿನಿಂದ ಹೊರಬಂದದ್ದೇ ದೊಡ್ಡ ಹೆಜ್ಜೆ.

ಮೂರನೆಯ ದಾರಿ ಹಿಡಿಯುವವರೇ ಹೆಚ್ಚು. ‘ಎಣ್ಣೆಯೇ ಬೇಡ’ ಎಂದು ಒಗ್ಗರಣೆ ಕಡಿಮೆ ಮಾಡಿ, ಹಸಿವಾದಾಗ ಇನ್ನರ್ಧ ಸೌಟು ಅನ್ನ ಹೆಚ್ಚು ಉಣ್ಣುತ್ತಾರೆ. ಹತ್ತು ಗ್ರಾಂ ಪರ್ಯಾಪ್ತ ಕೊಬ್ಬಿನ ಜಾಗಕ್ಕೆ ಅನ್ನ ಬಂದರೆ ಎಲ್‌ಡಿಎಲ್ ಇಳಿಯುವುದು 6ರಷ್ಟು ಮಾತ್ರ. ಜೊತೆಗೆ ಎಚ್‌ಡಿಎಲ್ ತುಸು ಇಳಿಯುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ. ಮೊದಲೇ ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಒಳ್ಳೆಯ ವ್ಯವಹಾರವಲ್ಲ. ‘ಎಣ್ಣೆ ಬಿಟ್ಟೆ, ಆದರೂ ವರದಿ ಸುಧಾರಿಸಲಿಲ್ಲ’ ಎನ್ನುವವರು ತಟ್ಟೆಯಲ್ಲಿ ಅನ್ನ ಎಷ್ಟಾಗಿದೆ ಎಂದು ಮೊದಲು ನೋಡಿ.

ನಿಮ್ಮ ಮನೆಯಲ್ಲಿ ಈಗಾಗಲೇ ಸೂರ್ಯಕಾಂತಿ ಎಣ್ಣೆಯೇ ಇದ್ದರೆ ಅದನ್ನು ಬಿಟ್ಟು ದುಬಾರಿ ಆಲಿವ್ ಎಣ್ಣೆ ತರುವುದರಿಂದ ಎಲ್‌ಡಿಎಲ್ ಇಳಿಯುವುದಿಲ್ಲ. ಆಲಿವ್ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಏಕ ಅಪರ್ಯಾಪ್ತ. ಬಹು ಹೋಗಿ ಏಕ ಬಂದಾಗ ಅಂಕಿ ಒಂದಿಷ್ಟು ಮೇಲಕ್ಕೇ ಹೋಗಬಹುದು. ನೀವು ಹುಡುಕಬೇಕಾದದ್ದು ಬಾಟಲಿಯಲ್ಲಿಲ್ಲ. ಹಾಲಿನ ಪ್ಯಾಕೆಟ್, ತುಪ್ಪದ ಡಬ್ಬಿ, ತೆಂಗಿನತುರಿ, ಸಂಜೆಯ ಪಫ್ಸ್ ಇವುಗಳಲ್ಲಿ ಹುಡುಕಿ.

ತೆಂಗಿನೆಣ್ಣೆಯ ಅಭಿಮಾನಿಗಳು ಕೇಳುವ ಪ್ರಶ್ನೆಗೂ ಉತ್ತರಿಸಬೇಕು: ‘ಅದು ಒಳ್ಳೆಯ ಕೊಲೆಸ್ಟ್ರಾಲನ್ನೂ ಏರಿಸುತ್ತದಲ್ಲ?’ ಏರಿಸುತ್ತದೆ, ನಿಜ. 16 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೊಂದು 2020ರಲ್ಲಿ ಪ್ರಕಟವಾಯಿತು. ಉಷ್ಣವಲಯದ್ದಲ್ಲದ ಸಸ್ಯದೆಣ್ಣೆಗಳಿಗೆ ಹೋಲಿಸಿದಾಗ ತೆಂಗಿನೆಣ್ಣೆ ಎಚ್‌ಡಿಎಲ್ ಅನ್ನು 4ರಷ್ಟು, ಎಲ್‌ಡಿಎಲ್ ಅನ್ನು 10ರಷ್ಟು ಏರಿಸಿತ್ತು. ನಾವು ಹಾಳೆಯ ಮೇಲೆ ಪಡೆದ 9 ಮತ್ತು 11ಕ್ಕೆ ಅದು ಎಷ್ಟು ಹತ್ತಿರವಿದೆ ನೋಡಿ. ಆದರೆ ಎಚ್‌ಡಿಎಲ್ ಏರಿದ್ದರಿಂದ ಎಲ್‌ಡಿಎಲ್ ಏರಿದ್ದು ಸರಿದೂಗುತ್ತದೆ ಎನ್ನಲು ಆಧಾರವಿಲ್ಲ. ಎಚ್‌ಡಿಎಲ್ ಏರಿಸಲೆಂದೇ ತಯಾರಿಸಿದ ಟೋರ್ಸೆಟ್ರಾಪಿಬ್ ಎಂಬ ಔಷಧ ಅಂಕಿಯನ್ನು ಚೆನ್ನಾಗಿಯೇ ಏರಿಸಿತು. ಆದರೂ ಅದನ್ನು ತೆಗೆದುಕೊಂಡವರಲ್ಲಿ ಸಾವು ಹೆಚ್ಚಾದ ಕಾರಣ 2006ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಗಾಣದ್ದೋ ಕಾರ್ಖಾನೆಯದ್ದೋ ಎಂಬುದರಿಂದ ತೆಂಗಿನೆಣ್ಣೆಯ ಪರ್ಯಾಪ್ತ ಕೊಬ್ಬಿನ ಪ್ರಮಾಣವೂ ಬದಲಾಗುವುದಿಲ್ಲ.

ಹಂತ 6: ಅಂಗಡಿಯಲ್ಲಿ ಪ್ಯಾಕೆಟ್‌ನ ಹಿಂಬದಿ ಓದಿ

ಮುಂಬದಿಯ ‘ಕೊಲೆಸ್ಟ್ರಾಲ್ ಮುಕ್ತ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಸಸ್ಯದೆಣ್ಣೆಗಳಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದೇ ಹೇಳಬೇಕು. ತೆಂಗಿನೆಣ್ಣೆ, ತಾಳೆ ಎಣ್ಣೆಗಳೂ ಹಾಗೆಯೇ. ನಿಮ್ಮ ಯಕೃತ್ತಿನ ಬಾಗಿಲು ಮುಚ್ಚುವುದಕ್ಕೆ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರಬೇಕಾಗಿಲ್ಲ, ಪರ್ಯಾಪ್ತ ಕೊಬ್ಬು ಇದ್ದರೆ ಸಾಕು. ಹಿಂಬದಿಯ ಪೋಷಕಾಂಶದ ಪಟ್ಟಿಯಲ್ಲಿ ಸ್ಯಾಚುರೇಟೆಡ್ ಫ್ಯಾಟ್ ಸಾಲನ್ನು ನೋಡಿ. ಬಿಸ್ಕತ್ತು, ಚಿಪ್ಸ್, ಮಿಕ್ಸ್‌ಚರ್ ಕೊಳ್ಳುವಾಗ ಪದಾರ್ಥಗಳ ಪಟ್ಟಿಯಲ್ಲಿ ತಾಳೆ ಎಣ್ಣೆ ಅಥವಾ ಪಾಮೋಲಿನ್ ಇದೆಯೇ ನೋಡಿ, ಬಹುಪಾಲು ಇರುತ್ತದೆ.

‘ಹೈಡ್ರೋಜನೇಟೆಡ್’ ಅಥವಾ ವನಸ್ಪತಿ ಎಂದಿದ್ದರೆ ಕೆಳಗಿಡಿ. ಎಣ್ಣೆಯನ್ನು ಅರೆಬರೆ ಹೈಡ್ರೋಜನೀಕರಿಸಿ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದಲ್ಲದೆ ಎಚ್‌ಡಿಎಲ್ ಇಳಿಸುತ್ತದೆ. ಮೂರು ಬಗೆಯ ಕೊಬ್ಬಿನಲ್ಲಿ ಯಾವುದೂ ಇಷ್ಟು ಕೆಟ್ಟದ್ದಲ್ಲ. 2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿ ಶೇ 2.

ಬಹು ಅಪರ್ಯಾಪ್ತ ಹೆಚ್ಚಿರುವ ಎಣ್ಣೆಗೆ ಒಂದು ದೌರ್ಬಲ್ಯವಿದೆ. ಅದರ ಜೋಡಿ ಬಂಧಗಳು ಕಾವಿಗೆ, ಗಾಳಿಗೆ ಬೇಗ ಕೆಡುತ್ತವೆ. ಒಗ್ಗರಣೆಗೆ, ಪಲ್ಯಕ್ಕೆ ಸೂರ್ಯಕಾಂತಿ, ಕುಸುಬೆ ಚೆನ್ನ. ಕರಿಯುವುದಕ್ಕೆ ಕಡಲೆಕಾಯಿ ಎಣ್ಣೆ ಹೆಚ್ಚು ತಾಳಿಕೊಳ್ಳುತ್ತದೆ. ಬಾಣಲೆಯಲ್ಲಿ ಉಳಿದ ಎಣ್ಣೆ ಕಪ್ಪಾಗಿ, ಅಂಟಂಟಾಗಿ, ಕಾಯಿಸಿದಾಗ ನೊರೆ ಬರುತ್ತಿದ್ದರೆ ಅದನ್ನು ಮತ್ತೆ ಬಳಸಬೇಡಿ.

ಹಂತ 7: ಮರುಪರೀಕ್ಷೆ ಮಾಡಿಸಿ, ಆದರೆ ಸರಿಯಾಗಿ ಓದಿ

ಕೊಬ್ಬಿನ ಬಗೆ ಬದಲಾದರೆ ಎಲ್‌ಡಿಎಲ್ ಕೆಲವೇ ವಾರಗಳಲ್ಲಿ ಹೊಸ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆರರಿಂದ ಎಂಟು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ, ಮೊದಲಿನಂತೆಯೇ ರಾತ್ರಿಯ ಉಪವಾಸದ ಬಳಿಕ ಪರೀಕ್ಷೆ ಮಾಡಿಸಿ. ಜ್ವರ ಬಂದು ಎದ್ದ ವಾರದಲ್ಲಿ ಬೇಡ. ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗಿಯೇ ಇಳಿದಿರುತ್ತದೆ, ಸುಳ್ಳು ಸಂತೋಷವಾಗುತ್ತದೆ.

ಏನೂ ಬದಲಿಸದಿದ್ದರೂ ಒಬ್ಬರದೇ ಎಲ್‌ಡಿಎಲ್ ಒಂದು ವಾರ 150 ಇದ್ದದ್ದು ಇನ್ನೊಂದು ವಾರ 140 ಅಥವಾ 160 ತೋರಿಸಬಹುದು. ನಿಮ್ಮ ಲೆಕ್ಕದ ಇಳಿತ 9 ಇದ್ದರೆ ಒಂದೇ ವರದಿಯಲ್ಲಿ ಅದು ಕಾಣದೆಯೂ ಹೋಗಬಹುದು. ಹೀಗಾಗಿ ಎರಡು ವಾರಗಳ ಅಂತರದಲ್ಲಿ ಎರಡು ಪರೀಕ್ಷೆ ಮಾಡಿಸಿ ಸರಾಸರಿ ತೆಗೆದುಕೊಳ್ಳಿ. ಹೇಳಿದ ಅಂಕಿಗಳೆಲ್ಲ ಅನೇಕರ ಸರಾಸರಿ. ಅದೇ ಬದಲಾವಣೆಗೆ ಒಬ್ಬರಿಗೆ 5, ಇನ್ನೊಬ್ಬರಿಗೆ 18 ಇಳಿಯುವುದು ಅಸಹಜವಲ್ಲ. ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಣ್ಣೆ ಬದಲಿಸಿದೆವೆಂದು ಅದನ್ನು ನಿಲ್ಲಿಸಬಾರದು. ಮಾತ್ರೆ ಇಳಿಸುವ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು.

ಎಣ್ಣೆ, ತುರಿ, ಹಾಲು ಮೂರನ್ನೂ ಸರಿಮಾಡಿ ಲೆಕ್ಕದಲ್ಲಿ 15 ಇಳಿಯಬೇಕಿತ್ತು, ಎರಡು ವರದಿಯಲ್ಲೂ ಅಂಕಿ ಅಲ್ಲೇ ನಿಂತಿದೆ ಎಂದುಕೊಳ್ಳಿ. ಆಗ ಮೊದಲು ಹೊರಗಿನ ಊಟವನ್ನು ಒಂದು ವಾರ ಬರೆದಿಡಿ. ಕಚೇರಿಯ ಕ್ಯಾಂಟೀನು, ಬೇಕರಿಗಳಲ್ಲಿ ಯಾವ ಎಣ್ಣೆ ಬಳಸುತ್ತಾರೆ ಎಂದು ಕೇಳಿ. ಅದೂ ಸರಿಯಿದ್ದರೆ ವೈದ್ಯರ ಬಳಿ ಥೈರಾಯ್ಡ್ ಪರೀಕ್ಷೆಯ ವಿಷಯ ಎತ್ತಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗಲೂ ಯಕೃತ್ತಿನ ಅದೇ ಬಾಗಿಲುಗಳು ಕಡಿಮೆಯಾಗುತ್ತವೆ. ಅಂಥವರ ಎಲ್‌ಡಿಎಲ್ ಸರಿಯಾಗಿ ಇಳಿಯಬೇಕಾದರೆ ಮೊದಲು ಥೈರಾಯ್ಡ್‌ಗೆ ಚಿಕಿತ್ಸೆಯಾಗಬೇಕು.